ಮೂರನೇ ಸಾಲಿನ ಒಂಬತ್ತು

ಫೋಟೊ ಬಂದದ್ದು ಅಲಮೇಲುವಿಗೆ, ತಲೆ ಕೆಟ್ಟದ್ದು ನನಗೆ.

ಹಕ್ಕಿ ನೋಡಲೆಂದು ಜಪಾನಿನಿಂದ ಬಂದಿದ್ದ ಕಿಯೋಕೊ ಎಂಬಾಕೆ ನಮ್ಮ ಮಹಡಿ ಕೋಣೆಯಲ್ಲಿ ಹತ್ತು ದಿನ ಬಾಡಿಗೆಗಿದ್ದಳು. ಅವಳ ಹತ್ತಿರ ಸುಡೊಕು ಅನ್ನುವ ಅಂಕಿಯಾಟದ ಪುಸ್ತಕವಿತ್ತು. ಒಂಬತ್ತು ಸಾಲು, ಒಂಬತ್ತು ಕಂಬ, ಮೂರು ಮನೆ ಉದ್ದ ಮೂರು ಮನೆ ಅಗಲದ ಒಂಬತ್ತು ಡಬ್ಬಿ. ಪ್ರತಿಯೊಂದರಲ್ಲೂ ಒಂದರಿಂದ ಒಂಬತ್ತರವರೆಗೆ ಒಂದೊಂದು ಅಂಕಿ ಒಂದೇ ಸಲ ಬರಬೇಕು. ಕೆಲವು ಅಂಕಿ ಮೊದಲೇ ಅಚ್ಚಾಗಿರುತ್ತವೆ. ನನ್ನ ಹೆಂಡತಿ ಅಲಮೇಲು ಅದಕ್ಕೆ ಅಂಟಿಕೊಂಡುಬಿಟ್ಟಳು. ಪಂಚಾಂಗ ನೋಡಿ ಅಂಕಿ ಕಲಿತವಳು, ಕನ್ನಡದ ಅಂಕಿಯಲ್ಲೇ ತುಂಬುತ್ತಿದ್ದಳು. ಕೊನೆಯ ಪುಟ ಅರ್ಧವಾಗಿತ್ತು, ಕಿಯೋಕೊಗೆ ರೈಲಿನ ಹೊತ್ತಾಯಿತು, ಪುಸ್ತಕ ಅವಳ ಜೊತೆ ಹೋಯಿತು.

ಎರಡು ತಿಂಗಳ ಮೇಲೆ ಆ ಪುಟದ ಫೋಟೊ ಅಂಚೆಯಲ್ಲಿ ಬಂತು. 'ಅಮ್ಮಾ, ಮುಗಿಸಿ ಕಳಿಸಿ, ಪುಸ್ತಕದಲ್ಲಿ ಅಂಟಿಸಿಕೊಳ್ಳುತ್ತೇನೆ' ಎಂದು ಇಂಗ್ಲಿಷಿನಲ್ಲಿ ಬರೆದಿದ್ದಳು. ಅಲಮೇಲುವಿಗೆ ಆಗಷ್ಟೇ ಮೈಸೂರಿನಲ್ಲಿ ಕಣ್ಣಿನ ಪೊರೆ ತೆಗೆಸಿದ್ದೆವು. ಸಣ್ಣ ಅಕ್ಷರ ಓದುವಂತಿರಲಿಲ್ಲ.

"ನೀವು ಬರೀ ಮುಗಿಸಿಕೊಡಿ. ತಿದ್ದೋದು ಗಿದ್ದೋದು ಏನೂ ಬೇಡ," ಎಂದಳು.

ಮೂವತ್ತು ವರ್ಷ ಗಣಿತದ ಮೇಷ್ಟ್ರಾಗಿದ್ದವನಿಗೆ ಹೇಳುವ ಮಾತೇ ಇದು? ಎಂಬತ್ತೊಂದು ಮನೆ ಗೀಟು ಹಾಕಿಕೊಂಡು, ಫೋಟೊದಲ್ಲಿದ್ದದ್ದನ್ನೆಲ್ಲ ನೋಟ್‌ಬುಕ್ಕಿಗೆ ಇಳಿಸಿದೆ. ಮೂರನೇ ಸಾಲಿನಲ್ಲೇ ಸಿಕ್ಕಿತು ಎಡವಟ್ಟು. ಅಚ್ಚಿನದೊಂದು ಒಂಬತ್ತು, ಇವಳು ಬರೆದದ್ದೊಂದು ಒಂಬತ್ತು. ಕೆಂಪು ಪೆನ್ನಿನಲ್ಲಿ ಇವಳದರ ಮೇಲೆ ಗೀಟೆಳೆದೆ.

"ತಪ್ಪು ಮಾಡಿದೀಯ. ಒಂದೇ ಸಾಲಿಗೆ ಎರಡು ಒಂಬತ್ತು."

"ಅಚ್ಚಲ್ಲಿ ಕಣ್ಣೆದುರಿಗೇ ಒಂಬತ್ತು ಇದ್ದಮೇಲೆ, ನಾನ್ಯಾಕೆ ಇನ್ನೊಂದು ಒಂಬತ್ತು ಬರೀಲಿ?"

"ಬರೆದಿದೀಯಲ್ಲ. ಅಚ್ಚಿನದು ತಪ್ಪಾಗೋದಿಲ್ಲ."

"ಹಾಗಿದ್ರೆ ಕಳಿಸೋದೇ ಬೇಡ. ಅವಳು ನನ್ನನ್ನ ಜಾಣೆ ಅಂತ ತಿಳ್ಕೊಂಡಿದಾಳೆ. ಹಾಗೇ ತಿಳ್ಕೊಂಡಿರ್ಲಿ," ಎಂದು ಎದ್ದು ಒಳಗೆ ಹೋದಳು. ಜಾಣೆ ಎಂದು ಅವಳನ್ನು ಕರೆದವರು ಈ ಮನೆಯಲ್ಲಿ ಯಾರೂ ಇರಲಿಲ್ಲ, ನಾನೂ ಸೇರಿ.

ನನಗೆ ರೇಗಿತು. ಇವಳ ಮೇಲೋ, ನನ್ನ ಮೇಲೋ ಗೊತ್ತಾಗಲಿಲ್ಲ. ಆ ಮನೆ ಖಾಲಿ ಬಿಟ್ಟು ಮುಂದುವರಿದೆ. ಏಳನೇ ಕಂಬಕ್ಕೆ ಬಂದೆ. ಅಲ್ಲಿ ಮೂರು ಎಂಬ ಅಂಕಿ ಎರಡು ಕಡೆ, ಎರಡೂ ಅಚ್ಚಿನವೇ.

ಮತ್ತೆ ಎಣಿಸಿದೆ. ಕನ್ನಡಕ ಒರೆಸಿ ಎಣಿಸಿದೆ. ಈಗ ತಾನೆ ಅಚ್ಚು ತಪ್ಪಾಗೋದಿಲ್ಲ ಅಂದ ಬಾಯಿ ನನ್ನದೇ. ಅಚ್ಚು ಸರಿಯಿದ್ದರೆ ತಪ್ಪು ಯಾರದು? ಇಲ್ಲಿ ಅಲಮೇಲು ಏನೂ ಬರೆದೇ ಇರಲಿಲ್ಲ. ಏನೂ ತೋಚದೆ ಫೋಟೊ ಜೇಬಿಗಿಟ್ಟುಕೊಂಡು ಪೇಟೆ ಬೀದಿಯ ಸಿದ್ದರಾಜುವಿನ ಸ್ಟುಡಿಯೊಗೆ ಹೋದೆ.

ನಾನು ತೋರಿಸಿದ ಕಂಬದ ಮೇಲೆ ಅವನು ಭೂತಗನ್ನಡಿ ಇಟ್ಟು ನೋಡಿ ನಕ್ಕ. "ಪ್ಲಾಶ್ ಒಡ್ದು ಅಲ್ಲಲ್ಲಿ ಬೆಳ್ಳಗಾಗ್ಬುಟ್ಟೈತೆ ಮೇಷ್ಟ್ರೇ. ಇದು ಮೂರಲ್ಲ, ಎಂಟು. ಎಡಗಡೆ ಗೆರೆ ಸಣ್ಣಕೆ ಕಾಣ್ತೈತೆ ನೋಡಿ."

ಎಂಟೇ. ನಾನು ಮೆಲ್ಲಗೆ ಭೂತಗನ್ನಡಿಯನ್ನು ಮೂರನೇ ಸಾಲಿಗೆ ಸರಿಸಿದೆ. ಕನ್ನಡದ ಆರೂ ಒಂಬತ್ತೂ ಅವಳ ಕೈಬರಹದಲ್ಲಿ ಅಣ್ಣತಮ್ಮಂದಿರ ಹಾಗೆ. ಬಾಲದ ತುದಿಯಲ್ಲಷ್ಟೇ ವ್ಯತ್ಯಾಸ. ಬೆಳಕು ಬಿದ್ದು ಅಳಿಸಿಹೋಗಿದ್ದದ್ದೂ ಆ ತುದಿಯೇ. ಅವಳು ಬರೆದದ್ದು ಆರು.

"ಯಾರ್ ಬರ್ದಿರೋದು ಮೇಷ್ಟ್ರೇ?"

"ನಮ್ಮನೆಯವಳು."

"ಶಾನೆ ಬುದ್ವಂತ್ರು ಬುಡಿ," ಎಂದ. ನನಗೆ ನಾಚಿಕೆಯಾಯಿತು. ಮೂರು ಗಂಟೆ ಹಿಂದೆ ನಾನು ಆಡಬಹುದಾಗಿದ್ದ ಮಾತನ್ನು ಇವನು ಆಡಿದ್ದ.

ಮನೆಗೆ ಬಂದು ಆ ಎರಡು ಮನೆ ಸರಿಪಡಿಸಿ ಮೊದಲಿನಿಂದ ಬಿಡಿಸಿದೆ. ಎಲ್ಲೂ ತಡೆಯಲಿಲ್ಲ. ಅವಳು ತುಂಬಿದ್ದ ಒಂದು ಅಂಕಿಯನ್ನೂ ಬದಲಿಸಬೇಕಾಗಲಿಲ್ಲ. ಹೊಸ ಹಾಳೆಗೆ ಇಳಿಸಿ, ಕೆಳಗೆ ಬರೆಯತೊಡಗಿದೆ. ಅಲಮೇಲು ಬಾಗಿಲಲ್ಲಿ ನಿಂತಿದ್ದಳು.

"ಮುಗೀತಲ್ಲ, ಇನ್ನೇನು ಬರೀತಿದೀರಿ?"

ಇಂಗ್ಲಿಷಿನಲ್ಲಿ ಬರೆದದ್ದನ್ನು ಕನ್ನಡದಲ್ಲಿ ಓದಿ ಹೇಳಿದೆ: "ಮೂರನೇ ಸಾಲು, ನಾಲ್ಕನೇ ಮನೆ: ಫೋಟೊದಲ್ಲಿ ಒಂಬತ್ತರ ಹಾಗೆ ಕಾಣುತ್ತದೆ, ಆದರೆ ಆರು. ಆರನೇ ಸಾಲು, ಏಳನೇ ಮನೆ: ಮೂರರ ಹಾಗೆ ಕಾಣುತ್ತದೆ, ಆದರೆ ಎಂಟು. ಎರಡನ್ನೂ ತಪ್ಪಾಗಿ ಓದಿದವನು ನಾನು. ಅಲಮೇಲು ತುಂಬಿದ್ದೆಲ್ಲ ಸರಿಯಾಗಿತ್ತು."

"ಮುಗಿಸಿ ಅಂದ್ರೆ ಇದೆಲ್ಲ ಯಾಕೆ?"

"ಪುಸ್ತಕದಲ್ಲೇ ನೋಡಿದ್ರೂ ಅವಳಿಗೆ ಕನ್ನಡದ ಆರೂ ಒಂಬತ್ತೂ ಒಂದೇ ಥರ. ನನ್ನ ಹಾಗೇ ಒಂಬತ್ತು ಅಂತ ಓದಿ, ನೀನು ತಪ್ಪಿದೆ ಅಂದ್ಕೋಬಾರದು."

ಅವಳು ಹತ್ತಿರ ಬಂದು ಹಾಳೆಯನ್ನು ಕಣ್ಣಿಗೆ ಹಿಡಿದಳು. ಕಾಣದು ಎಂದು ನನಗೆ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

"ಮದುವೆಯಾಗಿ ಮೂವತ್ತೆಂಟು ವರ್ಷಕ್ಕೆ ನಿಮ್ಮದೇ ತಪ್ಪು ಅಂತ ನೀವು ಬರೆದುಕೊಟ್ಟಿದ್ದು ಇದೊಂದೇ," ಎಂದಳು. "ಇದು ಜಪಾನಿಗೆ ಹೋಗ್ಲಿ. ನನಗೂ ಒಂದು ಬರೆದುಕೊಡಿ. ದಪ್ಪ ಅಕ್ಷರದಲ್ಲಿ."