ಅಂಗೈಯಗಲದ ರಸ್ತೆ

ವಾಹನ ತಪಾಸಣಾ ಕೇಂದ್ರದ ಅಂಗಳದಲ್ಲಿ ನಮ್ಮ ಶಾಲಾ ವ್ಯಾನು ಹನ್ನೆರಡನೆಯದಾಗಿ ನಿಂತಿತ್ತು. ಮರುದಿನ ಶಾಲೆ ಶುರು. ಹದಿನಾಲ್ಕು ಮಕ್ಕಳನ್ನು ಕರೆದೊಯ್ಯುವ ಕೆಲಸ ನನಗೆ ಸಿಕ್ಕಿ ಎರಡೇ ವಾರವಾಗಿತ್ತು. ವ್ಯಾನು ಓಡಿಸಲು ಯೋಗ್ಯವೆಂಬ ಪತ್ರವನ್ನು ಬೆಳಿಗ್ಗೆ ಏಳಕ್ಕೆ ತೋರಿಸದಿದ್ದರೆ ಆ ಕೆಲಸವನ್ನು ಬೇರೆಯವರಿಗೆ ಕೊಡುವುದಾಗಿ ಶಾಲೆಯವರು ಮೊದಲೇ ಹೇಳಿದ್ದರು. ಬಹಳ ನಯವಾಗಿ ಹೇಳಿದ್ದರು. ನಯವಾಗಿ ಹೇಳಿದ ಮಾತುಗಳೇ ನನ್ನ ನಿದ್ದೆ ಕೆಡಿಸುವುದು ಹೆಚ್ಚು.

ಹಾಗಾಗಿ ದೀಪ, ಹಾರ್ನ್, ಗಾಜು ಒರೆಸುವ ಕಡ್ಡಿ, ಔಷಧ ಪೆಟ್ಟಿಗೆ, ಪೆಟ್ಟಿಗೆಯೊಳಗಿನ ಹತ್ತಿ, ಎಲ್ಲವನ್ನೂ ಮೂರು ಮೂರು ಸಲ ನೋಡಿದ್ದೆ. ಬ್ರೇಕಿಗೆ ಹೊಸ ಪ್ಯಾಡ್ ಹಾಕಿಸಿದ್ದೆ. ಮಕ್ಕಳನ್ನು ಹತ್ತಿಸಿ ಇಳಿಸಲು ಜೊತೆಗೆ ಬರಲಿರುವ ನನ್ನ ಅತ್ತೆ ಆ ದಿನವೂ ಬಂದಿದ್ದರು. ಅವರು ಯಾವುದನ್ನೂ ಒಂದು ಸಲಕ್ಕಿಂತ ಹೆಚ್ಚು ನೋಡುವವರಲ್ಲ.

"ಎಲ್ಲಾ ಸರಿ ಇದೆ ಕಣೇ. ಟೈರ್ ಮಾತ್ರ ಬೂದಿ ಬಳಿದ ಹಾಗಿದೆ" ಎಂದರು.

ನಿಜ, ನಾಲ್ಕೂ ಟೈರು ಧೂಳು ಹಿಡಿದು ಬೆಳ್ಳಗಾಗಿದ್ದವು. ಟೈರಿಗೆ ಕಪ್ಪು ಹೊಳಪು ಕೊಡುವ ದ್ರವದ ಬಾಟಲಿಯೊಂದು ವ್ಯಾನಿನ ಸಾಮಾನಿನ ಡಬ್ಬದಲ್ಲಿತ್ತು. ಎಡಗಡೆಯ ಎರಡು ಅತ್ತೆಗೆ, ಬಲಗಡೆಯ ಎರಡು ನನಗೆ ಎಂದು ಹಂಚಿಕೊಂಡೆವು. ಅತ್ತೆ ಐದು ನಿಮಿಷದಲ್ಲಿ ಮುಗಿಸಿ ನೆರಳಿಗೆ ಹೋದರು.

"ಇಷ್ಟು ಬೇಗ ಆಯ್ತಾ?" ಎಂದೆ.

"ಕಾಣೋ ಕಡೆ ಬಳಿದೆ. ಸಾಹೇಬರು ಗಾಡಿ ತಲೆಕೆಳಗೆ ಮಾಡಿ ನೋಡ್ತಾರಾ?"

ನನಗೆ ಅರೆಬರೆ ಕೆಲಸ ಒಗ್ಗದು. ಟೈರಿನ ಪಕ್ಕವನ್ನಷ್ಟೇ ಅಲ್ಲದೆ ರಸ್ತೆಯ ಮೇಲೆ ಉರುಳುವ ಹಲ್ಲುಗಳನ್ನೂ, ಹಲ್ಲುಗಳ ನಡುವಿನ ಸಂದುಗಳನ್ನೂ ಬಟ್ಟೆಯ ತುದಿ ತೂರಿಸಿ ಒರೆಸಿದೆ. ನೆಲಕ್ಕೆ ತಾಗಿದ ಭಾಗ ಉಳಿಯುತ್ತಿತ್ತು. ಸಾಲು ಒಂದು ಗಾಡಿಯಷ್ಟು ಮುಂದೆ ಸರಿದಾಗ ವ್ಯಾನನ್ನೂ ಸರಿಸಿ, ಮೇಲೆ ಬಂದ ಆ ಭಾಗಕ್ಕೂ ಹಚ್ಚಿದೆ. ನಮ್ಮ ಸರದಿ ಬರುವಷ್ಟರಲ್ಲಿ ಬಲಗಡೆಯ ಟೈರುಗಳು ಅಂಗಡಿಯಿಂದ ಈಗಷ್ಟೇ ಇಳಿಸಿದಂತೆ ಮಿರುಗುತ್ತಿದ್ದವು. ಬಾಯಾರಿತ್ತು. ನೀರಿನ ಬಾಟಲಿಯ ಮುಚ್ಚಳ ತಿರುಗಿಸಲು ಹೋದರೆ ಅಂಗೈ ಜಾರಿತು. ಸೆರಗಿನಿಂದ ಹಿಡಿದೆ, ಆಗಲೂ ಜಾರಿತು.

"ಕೊಡು ಇಲ್ಲಿ, ಬೆಣ್ಣೆ ಕೈ" ಎಂದು ಅತ್ತೆ ತೆಗೆದುಕೊಟ್ಟರು.

ಬ್ರೇಕ್ ಪರೀಕ್ಷೆಯ ಯಂತ್ರವೆಂದರೆ ನೆಲದಲ್ಲಿ ಹುದುಗಿಸಿದ ಒರಟು ಉರುಳೆಗಳು. ಮುಂದಿನ ಎರಡು ಚಕ್ರಗಳನ್ನು ಅವುಗಳ ಮೇಲೆ ನಿಲ್ಲಿಸಬೇಕು. ಉರುಳೆ ಚಕ್ರವನ್ನು ತಿರುಗಿಸುತ್ತದೆ, ನಾವು ಬ್ರೇಕ್ ಒತ್ತುತ್ತೇವೆ, ಪ್ರತಿ ಚಕ್ರ ಎಷ್ಟು ಬಲದಿಂದ ತಡೆಯಿತೆಂದು ಗೋಡೆಯ ಮೇಲಿನ ಫಲಕ ತೋರಿಸುತ್ತದೆ. ಇನ್ಸ್‌ಪೆಕ್ಟರು ಕೈಯಲ್ಲಿ ಕಾಗದ ಸಿಕ್ಕಿಸಿದ ಹಲಗೆ ಹಿಡಿದು ನಿಂತಿದ್ದರು. ಹೆಚ್ಚು ಮಾತಿನವರಲ್ಲ.

"ನಿಧಾನಕ್ಕೆ ಒತ್ತಿ. ಇನ್ನೂ. ಪೂರ್ತಿ."

ಬಲಗಡೆಯಿಂದ ಕಿರ್ರ್ ಎಂಬ ಸದ್ದು ಬಂತು. ಕಿಟಕಿಯಿಂದ ಬಗ್ಗಿ ನೋಡಿದೆ. ಫಲಕದಲ್ಲಿ ಎಡಕ್ಕೆ ನೂರ ತೊಂಬತ್ತು, ಬಲಕ್ಕೆ ನೂರ ಇಪ್ಪತ್ತು.

"ಬಲಗಡೆ ಕಡಿಮೆ. ಎಡಕ್ಕೂ ಬಲಕ್ಕೂ ಇಷ್ಟು ವ್ಯತ್ಯಾಸ ಇದ್ರೆ ಜೋರಾಗಿ ಬ್ರೇಕ್ ಹಾಕಿದಾಗ ಗಾಡಿ ಎಡಕ್ಕೆ ಎಳೆಯುತ್ತೆ. ಮಕ್ಕಳ ಗಾಡಿ ಅಲ್ವಾ, ಬಿಡೋಕಾಗಲ್ಲ" ಎಂದು ಕೆಂಪು ಮುದ್ರೆ ಒತ್ತಿದರು. "ಮಧ್ಯಾಹ್ನ ಒಂದರೊಳಗೆ ಸರಿ ಮಾಡ್ಕೊಂಡು ಬಂದ್ರೆ ಇವತ್ತೇ ನೋಡ್ತೀನಿ. ಆಮೇಲೆ ಯಂತ್ರ ಲಾರಿಗಳಿಗೆ."

ಹನ್ನೊಂದೂ ಕಾಲಾಗಿತ್ತು. ಮುದ್ರೆಯ ಶಾಯಿ ಒಣಗುವ ಮೊದಲೇ ನನ್ನ ತಲೆಯಲ್ಲಿ ನಾಳೆ ಏಳು ಗಂಟೆ ಆಗಿಹೋಗಿತ್ತು. ಶಾಲೆಯ ಗೇಟು, ಬೇರೆ ಯಾರದೋ ವ್ಯಾನು, ಅದರ ಕಿಟಕಿಗಳಲ್ಲಿ ಹದಿನಾಲ್ಕು ಮುಖ.

ಹಿಂದಿದ್ದ ಆಟೋದವನು ಇಳಿದು ಬಂದು ಸಲಹೆ ಕೊಟ್ಟ. "ಅಕ್ಕಾ, ಇದಕ್ಯಾಕೆ ತಲೆ ಕೆಡಿಸ್ಕೊಳ್ತೀರಿ? ಎಡಗಡೆ ಬ್ರೇಕ್ ಸ್ವಲ್ಪ ಮಂದ ಮಾಡಿಸಿ. ಎರಡೂ ಸಮ ಆಗುತ್ತೆ. ಯಂತ್ರಕ್ಕೆ ಏನು ಗೊತ್ತಾಗುತ್ತೆ?"

"ಯಂತ್ರಕ್ಕೆ ಗೊತ್ತಾಗಲ್ಲ, ಸರಿ. ಎದುರಿಗೆ ಎಮ್ಮೆ ಬಂದ್ರೆ ಅದಕ್ಕೆ ಗೊತ್ತಾಗುತ್ತೆ" ಎಂದರು ಅತ್ತೆ. ಆಟೋದವನು ನಕ್ಕು ತನ್ನ ಆಟೋಕ್ಕೆ ಮರಳಿದ.

ಸುಳ್ಳು ಹೇಳುವುದೇಕೆ, ಅರ್ಧ ನಿಮಿಷ ಆ ಸಲಹೆಯನ್ನು ಯೋಚಿಸಿಯೂ ನೋಡಿದೆ. ಆಮೇಲೆ ವ್ಯಾನನ್ನು ಗೇಟಿನ ಹೊರಗೆ ಗಾಳಿಯಣ್ಣನ ಅಂಗಡಿಗೆ ತಂದು ನಿಲ್ಲಿಸಿದೆ. ಗಾಳಿ ತುಂಬಿ, ಪಂಕ್ಚರ್ ಹಾಕಿ, ಬ್ರೇಕನ್ನೂ ನೋಡುವ ಆತನನ್ನು ಎಲ್ಲರೂ ಕರೆಯುವುದು ಹಾಗೆಯೇ.

"ಬಲಗಡೆ ಬ್ರೇಕ್ ಹಿಡೀತಿಲ್ಲ ಅಣ್ಣ" ಎಂದೆ.

ಆತ ಬಲಚಕ್ರವನ್ನು ಜಾಕಿನಿಂದ ಎತ್ತಿ, ಕಳಚಿ, ಬೆರಳಾಡಿಸಿ, ಮತ್ತೆ ಕೂರಿಸಿದ. "ಪ್ಯಾಡ್ ಹೊಸದು. ಎಣ್ಣೆ ಸೋರಿಲ್ಲ. ಒತ್ತಿ ನೋಡೋಣ." ಒತ್ತಿದೆ. ಆತ ಎರಡೂ ಕೈಯಿಂದ ಚಕ್ರ ತಿರುಗಿಸಲು ನೋಡಿದ, ಅದು ಅಲ್ಲಾಡಲಿಲ್ಲ. "ಚೆನ್ನಾಗೇ ಹಿಡೀತಿದೆಯಲ್ಲಮ್ಮ. ಯಂತ್ರದಲ್ಲಿ ಏನಾಯ್ತು, ನೋಡಿದ್ರಾ?"

ನೋಡುವುದೇ ನನ್ನ ರೋಗ. ಕಣ್ಣು ಮುಚ್ಚಿ ನೆನಪಿಸಿಕೊಂಡೆ. "ಕಿರ್ರ್ ಅಂತ ಸದ್ದು ಬಂತು. ಬಲಚಕ್ರ ನಿಂತುಬಿಟ್ಟಿತ್ತು. ಕೆಳಗೆ ಉರುಳೆ ಮಾತ್ರ ತಿರುಗ್ತಾ ಇತ್ತು."

"ಚಕ್ರ ನಿಂತಿತ್ತಾ? ಖಂಡಿತ?"

"ಖಂಡಿತ. ಎಡಗಡೆಯಿಂದ ಆ ಸದ್ದೇ ಬರಲಿಲ್ಲ."

"ಹಂಗಾದ್ರೆ ಬ್ರೇಕ್ ತನ್ನ ಕೆಲಸ ಮಾಡಿದೆ. ಚಕ್ರ ಹಿಡಿದು ನಿಲ್ಲಿಸಿದೆ. ಹಿಡಿಯದೆ ಇರೋದು ಟೈರು." ಆತ ಅಂಗಡಿಯೊಳಗಿಂದ ಸೀಮೆಸುಣ್ಣದ ಪುಡಿ ತಂದು, ಚಕ್ರವನ್ನು ನೆಲಕ್ಕಿಳಿಸಿ ಅದರ ಬುಡದ ಸುತ್ತ ಚೆಲ್ಲಿ, ಗಾಳಿಯ ಕೊಳವೆಯಿಂದ ಮೆಲ್ಲಗೆ ಊದಿ ಸಂದಿಗೆಲ್ಲ ತಳ್ಳಿದ. ಆಮೇಲೆ ಚಕ್ರವನ್ನು ಮತ್ತೆ ಎತ್ತಿದ. "ಬಗ್ಗಿ ನೋಡಿ."

ನೆಲದ ಮೇಲೆ ಬಿಳಿ ಪುಡಿಯ ನಡುವೆ ಸುಣ್ಣ ತಾಗದ ಒಂದು ಜಾಗ ಉಳಿದಿತ್ತು. ಮೂಲೆಗಳು ಸವೆದ ಚೌಕದಂತೆ. ನಾನು ಬೆರಳು ಜೋಡಿಸಿ ಅಂಗೈಯನ್ನು ಅದರ ಮೇಲಿಟ್ಟೆ. ಅಂಗೈ, ಬೆರಳು ಸೇರಿ ಸರಿಯಾಗಿ ಕೂತವು.

"ಇಷ್ಟೇನಾ?" ಎಂದೆ. ಅಷ್ಟು ದೊಡ್ಡ ವ್ಯಾನು, ಹದಿನಾಲ್ಕು ಮಕ್ಕಳು, ಅವರ ಚೀಲಗಳು. ರಸ್ತೆಗೆ ತಾಗುವುದು ನಾಲ್ಕು ಅಂಗೈ!

"ಇಷ್ಟೇ. ಗಾಡಿ ಹೊರೋದು ಒಳಗಿನ ಗಾಳಿ. ಆ ಭಾರ ತಡೆಯೋಕೆ ಎಷ್ಟು ಜಾಗ ಬೇಕೋ ಅಷ್ಟು ಮಾತ್ರ ಟೈರ್ ಚಪ್ಪಟೆಯಾಗುತ್ತೆ. ಉಳಿದದ್ದು ದುಂಡಗೇ ಇರುತ್ತೆ."

"ಹಾಗಾದ್ರೆ ಗಾಳಿ ಇಳಿಸಿ ಮೊರದಷ್ಟು ಮಾಡಬಹುದಲ್ಲ?" ಎಂದರು ಅತ್ತೆ.

"ಮಾಡಬಹುದಮ್ಮ. ಆಗ ಭಾರ ಎಲ್ಲ ಅಂಚಿಗೆ ಹೋಗಿ ನಡು ಸುಮ್ಮನಿರುತ್ತೆ. ತಿರುವಿನಲ್ಲಿ ಓಲಾಡುತ್ತೆ, ಟೈರ್ ಬಿಸಿಯಾಗಿ ಕೆಡುತ್ತೆ. ಜಾಸ್ತಿ ತುಂಬಿದ್ರೆ ನಡು ಮಾತ್ರ ತಾಗುತ್ತೆ. ಹೇಳಿದ ಅಳತೆಗಿದ್ರೆ ಪೂರ್ತಿ ಅಂಗೈ ಕೂರುತ್ತೆ." ಆತ ಚಕ್ರವನ್ನು ಕೈಯಿಂದ ನಿಧಾನ ಉರುಳಿಸಿದ. "ಉರುಳೋವಾಗ ಕೆಳಗಿರೋ ರಬ್ಬರ್ ಒಂದು ಕ್ಷಣ ರಸ್ತೆ ಕಚ್ಚಿ ನಿಲ್ಲುತ್ತೆ, ಬಿಡುತ್ತೆ, ಮುಂದಿನದು ಕಚ್ಚುತ್ತೆ. ಬ್ರೇಕ್ ಒತ್ತಿದಾಗ ಗಾಡಿ ನಿಲ್ಲಿಸೋದು ಆ ಕಚ್ಚು. ಅದು ತಪ್ಪಿದ್ರೆ ಚಕ್ರ ನಿಲ್ಲುತ್ತೆ, ಗಾಡಿ ಜಾರ್ತಾ ಹೋಗುತ್ತೆ. ಈಗ ಹೇಳಿ, ಈ ಅಂಗೈಗೂ ರಸ್ತೆಗೂ ಮಧ್ಯೆ ಏನು ಬಂತು?"

ನಾನು ನನ್ನ ಕೈ ನೋಡಿಕೊಂಡೆ. ಸೀಮೆಸುಣ್ಣದ ಪುಡಿ ಅಂಗೈಯ ಅಂಚಿಗೆಲ್ಲ, ಎಣ್ಣೆ ಹಚ್ಚಿದ ಕೈಗೆ ಅಂಟುವಂತೆ, ಅಂಟಿಕೊಂಡಿತ್ತು. ತೆರೆಯಲಾಗದ ಬಾಟಲಿಯ ಮುಚ್ಚಳ ನೆನಪಾಯಿತು.

"ನಾನು" ಎಂದೆ.

"ಏನು?"

"ನಾನೇ ಹಚ್ಚಿದ್ದು ಅಣ್ಣ. ಹೊಳಪಿನ ದ್ರವ. ಹಲ್ಲಿಗೂ. ಸಂದಿಗೂ. ಗಾಡಿ ಸರಿಸಿ ಸರಿಸಿ, ಒಂದು ಇಂಚೂ ಬಿಡದೆ."

ಗಾಳಿಯಣ್ಣ ಹಲ್ಲುಗಳ ಮೇಲೆ ಹೆಬ್ಬೆರಳು ಒತ್ತಿ ಎಳೆದ. ಅದು ಜಾರಿತು. ಎಡಗಡೆಗೆ ಹೋಗಿ ಅಲ್ಲೂ ಎಳೆದ. ಬೆರಳು ತಡೆದು ನಿಂತಿತು.

"ಈ ಕಡೆ ಯಾರು ಮಾಡಿದ್ದು?"

ಅತ್ತೆ ನೆಟ್ಟಗೆ ನಿಂತರು. ಅವರ ಮುಖದಲ್ಲಿ ಅಂಥ ಗಾಂಭೀರ್ಯ ನಾನು ನೋಡಿರಲಿಲ್ಲ. "ನಾನು. ಕಾಣೋ ಕಡೆ ಮಾತ್ರ."

"ಸರಿಯಾಗಿ ಮಾಡಿದ್ದೀರಮ್ಮ."

"ಕೇಳಿಸ್ತೇನೇ? ಮದುವೆಯಾದಾಗಿಂದ ಈ ಮನೇಲಿ ನನಗೆ ಸೋಮಾರಿ ಅಂತಲೇ ಹೆಸರು. ಇನ್ನೊಂದು ಸಲ ಹೇಳಿ ಗಾಳಿಯಣ್ಣ, ಇವಳ ಗಂಡನಿಗೂ ಫೋನ್ ಮಾಡಿ ಹೇಳಿ."

ಹನ್ನೆರಡಾಗಿತ್ತು. ಸೀರೆ ಎತ್ತಿ ಸಿಕ್ಕಿಸಿ, ಸೋಪಿನ ನೀರು, ಗಡಸು ಬ್ರಷ್ಷು ಹಿಡಿದು ಕೂತೆ. ಗಾಳಿಯಣ್ಣ ಚಕ್ರ ಉರುಳಿಸಿದ, ನಾನು ಸಂದಿ ಸಂದಿ ಉಜ್ಜಿದೆ, ಅತ್ತೆ ನೀರು ಹೊಯ್ದರು. ಮೂರು ಸಲ ತೊಳೆದ ಮೇಲೆ ಹೆಬ್ಬೆರಳು ಜಾರುವುದು ನಿಂತಿತು. ಹಿಂದಿನ ಟೈರಿಗೂ ಅದೇ ಸೇವೆ. ಕೊನೆಗೆ ಗಾಳಿಯ ಅಳತೆ ನೋಡಿ, "ಅಂಗಡಿ ಹಿಂದಿನ ಒರಟು ಮೈದಾನದಲ್ಲಿ ನಾಲ್ಕು ಸುತ್ತು ಹೊಡೀರಿ, ಉಳಿದದ್ದು ಸವೆದು ಹೋಗುತ್ತೆ" ಎಂದ. ನಾಲ್ಕು ಹೇಳಿದ್ದ, ನಾನು ಒಂಬತ್ತು ಸುತ್ತಿದೆ. ಏಳನೆಯದಕ್ಕೆ ಅತ್ತೆ ಇಳಿಸು ಎಂದು ಕೂಗಿದರೂ ನಿಲ್ಲಿಸಲಿಲ್ಲ.

ಒಂದಕ್ಕೆ ಹನ್ನೆರಡು ನಿಮಿಷವಿದ್ದಾಗ ಮತ್ತೆ ಉರುಳೆಗಳ ಮೇಲೆ ನಿಂತೆವು.

"ನಿಧಾನಕ್ಕೆ. ಇನ್ನೂ. ಪೂರ್ತಿ."

ಈ ಸಲ ಕಿರ್ರ್ ಇಲ್ಲ. ಚಕ್ರಗಳು ಭಾರವಾಗಿ, ಹಟ ಹಿಡಿದಂತೆ ನಿಧಾನವಾದವು. ಫಲಕ ನೋಡಲು ಧೈರ್ಯ ಸಾಲದೆ ಅತ್ತೆಯ ಮುಖ ನೋಡಿದೆ. ಅವರಿಗೆ ಕನ್ನಡಕವಿಲ್ಲದೆ ಅಂಕಿ ಕಾಣದು. ಆದರೂ ತಲೆಯಾಡಿಸುತ್ತಿದ್ದರು.

"ನೂರ ಎಂಬತ್ತೆಂಟು, ನೂರ ಎಂಬತ್ತೊಂದು" ಎಂದರು ಇನ್ಸ್‌ಪೆಕ್ಟರು. ಹಲಗೆಯ ಮೇಲೆ ಬರೆದು ತಲೆಯೆತ್ತಿದರು. "ಏನು ಬದಲಾಯಿಸಿದ್ರಿ?"

"ಏನೂ ಇಲ್ಲ" ಎಂದು ಮುಗಿಸಬಹುದಿತ್ತು. ಆದರೆ ಆಟೋದವನ ಸಲಹೆಯಂತೆ ಎಡಬ್ರೇಕು ಮಂದ ಮಾಡಿಸಿದೆನೆಂದು ಅವರು ಭಾವಿಸಿದರೆ? "ತೊಳೆದೆ ಸರ್. ಟೈರಿನ ಹಲ್ಲಿಗೆಲ್ಲ ಹೊಳಪು ಹಚ್ಚಿಬಿಟ್ಟಿದ್ದೆ. ನಿಮಗೆ ಚೆನ್ನಾಗಿ ಕಾಣಲಿ ಅಂತ."

ಅವರು ಹಲಗೆಯಿಂದ ಮುಖ ಮರೆಮಾಡಿಕೊಂಡರು. ಭುಜ ಅಲುಗುತ್ತಿದ್ದುದು ಮಾತ್ರ ಕಾಣಿಸಿತು. "ಕಾರ್ ಮೇಳಕ್ಕೆ ಬಂದಿದ್ರೆ ಮೊದಲ ಬಹುಮಾನ ಕೊಡ್ತಿದ್ದೆ" ಎಂದು ಹಸಿರು ಮುದ್ರೆ ಒತ್ತಿದರು.

ಮರುದಿನ ಬೆಳಿಗ್ಗೆ ಏಳಕ್ಕೆ ಐದು ನಿಮಿಷ ಮೊದಲೇ ಶಾಲೆಯ ಗೇಟಿನಲ್ಲಿ ಪತ್ರ ತೋರಿಸಿದೆ. ಮಕ್ಕಳನ್ನು ಕರೆತರಲು ಹೊರಡುವ ಮುನ್ನ ಕೆಳಗಿಳಿದು ನಾಲ್ಕೂ ಟೈರಿನ ಹಲ್ಲುಗಳ ಮೇಲೆ ಅಂಗೈ ಒತ್ತಿ ನೋಡಿದೆ. ಒರಟಾಗಿ, ಒಣಗಿ, ಧೂಳು ಹಿಡಿದು, ನೋಡಲು ಏನೇನೂ ಚೆಂದವಿರಲಿಲ್ಲ.

"ಜ್ವರ ಇದೆಯಾ?" ಎಂದು ಒಳಗಿನಿಂದ ಅತ್ತೆ ಕೇಳಿದರು.

"ಸುಮ್ನಿರಿ ಅತ್ತೆ."

ಹತ್ತಿ ಕೂತಾಗ ಅವರ ಕಾಲಿನ ಕಡೆ ಕಣ್ಣು ಹೋಯಿತು. ಹಳೆಯ ಚಪ್ಪಲಿಯ ಪಟ್ಟಿಗಳು ಕಪ್ಪಗೆ ಮಿರುಗುತ್ತಿದ್ದವು. ಬಾಟಲಿಯಲ್ಲಿ ಉಳಿದಿದ್ದ ದ್ರವ ಎಲ್ಲಿಗೆ ಹೋಯಿತೆಂದು ತಿಳಿಯಿತು. ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ಒಂದು ಕಾಲೆತ್ತಿ ಚಪ್ಪಲಿಯ ಅಡಿಯನ್ನು ನನ್ನ ಮುಖದ ಮುಂದೆ ಹಿಡಿದರು.

"ಮುಟ್ಟಿ ನೋಡ್ಕೋ. ಕಾಣೋ ಕಡೆ ಮಾತ್ರ."