ಲಾಗ್ ಪುಸ್ತಕ ಬರೆಸಿದ ಶಿಫಾರಸು

ಪರದೇಶದಲ್ಲಿ ಮಾಸ್ಟರ್ಸ್ ಓದಲು ಅರ್ಜಿ ಹಾಕಿದ್ದ ಇಂಜಿನಿಯರ್ ಹುಡುಗಿ ತನ್ನ ಶಿಫಾರಸು ಪತ್ರವನ್ನು ತಾನೇ ಬರೆದು ತಂದಿದ್ದಳು. ಎಲ್ಲ ಕಡೆ ನಡೆಯುವುದೇ ಹಾಗೆ: ಬೇಕಾದವರು ಬರೆಯುವುದು, ದೊಡ್ಡವರು ಕಣ್ಣು ಮುಚ್ಚಿ ಸಹಿ ಜಡಿಯುವುದು. ಆದರೆ ಕಾರ್ಖಾನೆಯ ಈ ಮ್ಯಾನೇಜರ್ ಕನ್ನಡಕ ಏರಿಸಿ ಓದಲು ಕೂತರು. ಪತ್ರ ವಿಶ್ವವಿದ್ಯಾಲಯ ಸೇರಲು ಸಂಜೆ ಐದು ಗಂಟೆಯೇ ಕೊನೆಯ ಗಡುವು; ಆಗಲೇ ಮೂರು ದಾಟಿತ್ತು. ತಪ್ಪಿದರೆ ಒಂದು ವರ್ಷ ಕಾಯಬೇಕು.

“ಅಸಾಧಾರಣ ಪ್ರತಿಭೆ, ಅಪ್ರತಿಮ ನಾಯಕತ್ವ... ಯಾರಮ್ಮ ಇವ್ರು? ನಮ್ಮಲ್ಲೇ ಕೆಲ್ಸ ಮಾಡ್ತಾರಾ?”

ಅವರ ಬೆರಳು ಕೆಳಗಿನ ಸಾಲಿಗೆ ಜಾರಿತು.

“ಬಾಯ್ಲರ್‌ಗೆ ನೀರು ತಳ್ಳೋ ಪಂಪಿನ ಬೇರಿಂಗ್ ಮೂರು ತಿಂಗಳಿಗೊಂದು ಹೋಗ್ತಿತ್ತು. ಈಗ ವರ್ಷ ಆದ್ರೂ ಹೋಗಿಲ್ಲ. ಅದಕ್ಕೆ ಇಲ್ಲಿ ಒಂದೇ ಸಾಲು. ಅದೂ ‘ಈಕೆಯೊಬ್ಬಳೇ ಪತ್ತೆ ಹಚ್ಚಿದಳು’ ಅಂತ. ಹೌದಾ?”

ಮ್ಯಾನೇಜರ್ ಫೋನೆತ್ತಿ, ದಿನದಿನದ ಕೆಲಸ ಬರೆದಿಡುವ ಲಾಗ್ ಪುಸ್ತಕ ಹಿಡಿದು ಬಾ ಎಂದು ಪಂಪ್ ರಿಪೇರಿಯ ಫಿಟರ್‌ಗೆ ಹೇಳಿದರು.

ಫಿಟರ್ ಕೈ ಒರೆಸಿಕೊಳ್ಳುತ್ತ ಬಂದ. ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟವನು. ಇಪ್ಪತ್ತೆರಡು ವರ್ಷದ ದುಡಿಮೆಯಲ್ಲಿ ಅವನ ಬಗ್ಗೆ ಒಬ್ಬ ಮಹಾನುಭಾವನೂ ಕಾಗದದ ಮೇಲೆ ಒಂದು ಒಳ್ಳೆಯ ಸಾಲು ಗೀಚಿರಲಿಲ್ಲ. ಮೆಮೋ ಕೊಡುವಾಗ ಮಾತ್ರ ಅವನ ಹೆಸರು ಎಲ್ಲರಿಗೂ ನೆನಪಾಗುತ್ತಿತ್ತು. ಮ್ಯಾನೇಜರ್ ಪತ್ರದ ಆ ಸಾಲನ್ನು ಅವನಿಗೆ ಓದಿ ಹೇಳಿದರು.

“ಬಿಸಿ ಆದ್ಮೇಲೆ ಪಂಪ್ ಹಿಗ್ಗಿ ಮೇಲೇಳುತ್ತೆ, ಮೋಟಾರಿಗೂ ಅದಕ್ಕೂ ಲೈನ್ ತಪ್ಪುತ್ತೆ ಅಂತ ಹತ್ತು ವರ್ಷ ಬಡ್ಕೊಂಡೆ ಸಾರ್,” ಎಂದ. “ಯಾರೂ ಕಿವಿಗೆ ಹಾಕ್ಕೊಳ್ಲಿಲ್ಲ. ಈ ತಂಗಿ ಒಬ್ಳೇ ಆ ಬಿಸೀಲಿ ನಿಂತು ಅಳೆದ್ಲು. ಬರ್ಕೊಡಿ, ಅವಳ ಹೆಸರೇ ಇರ್ಲಿ. ನಂಗ್ಯಾಕೆ.”

ಅವಳು ಅವನ ಕೈಲಿದ್ದ ಲಾಗ್ ಪುಸ್ತಕ ತೆಗೆದುಕೊಂಡು ಮೇಜಿನ ಮೇಲಿಟ್ಟಳು.

ಮ್ಯಾನೇಜರ್ ಪುಸ್ತಕ ತಿರುವಿದರು. ಅವಳದೇ ಅಕ್ಷರ: ಮೋಟಾರನ್ನು ಎತ್ತರಿಸುವ ಬದಲು ತಗ್ಗಿಸಿದೆ, ಅದುರುವುದು ಹೆಚ್ಚಾಯಿತು, ತಪ್ಪು ನನ್ನದು. ಮರುದಿನದ ಪುಟದಲ್ಲಿ ಮೋಟಾರಿನ ಕೆಳಗೆ ತೆಳು ತಗಡು ಸೇರಿಸಿ ಎತ್ತರಿಸಿದ ಅಳತೆಗಳಿದ್ದವು.

ಅವರು ಅವಳ ಕಾಗದವನ್ನು ಪಕ್ಕಕ್ಕೆ ತಳ್ಳಿ ಕಂಪ್ಯೂಟರಿನಲ್ಲಿ ಹೊಸದಾಗಿ ಬರೆಯತೊಡಗಿದರು.

“ಸಾರ್, ಆ ತಪ್ಪು ಮಾತ್ರ ಬೇಡ. ಸೀಟು ಕೈತಪ್ಪುತ್ತೆ.”

“ಪ್ರತಿಭೆ ಅಂತ ಎಲ್ರೂ ಬರೀತಾರಮ್ಮ. ಮಾಡಿದ ತಪ್ಪನ್ನ ತಾನೇ ಬರೆದಿಟ್ಟೋರನ್ನ ನಾನು ಕಂಡಿದ್ದು ಒಬ್ಬಳನ್ನೇ. ಸುಮ್ನಿರು.”

ನಾಲ್ಕೂವರೆಗೆ ಮುಗಿಯಿತು. ವಿಶ್ವವಿದ್ಯಾಲಯ ಅವರ ಆಫೀಸ್ ಇಮೇಲಿಗೆ ಕಳಿಸಿದ್ದ ಲಿಂಕ್ ತೆರೆದರು. ಪತ್ರವನ್ನು ಅದರಲ್ಲಿ ಏರಿಸುವ ಮುನ್ನ ಕೊನೆಯ ಭಾಗವನ್ನು ಕನ್ನಡದಲ್ಲಿ ಹೇಳಿದರು: “ಅನುಭವಿ ಫಿಟರ್ ಹೇಳಿದ್ದನ್ನು ಈಕೆ ಕೇಳಿಸಿಕೊಂಡಳು. ಅಳೆದಳು. ತಪ್ಪಿದಳು, ಒಪ್ಪಿಕೊಂಡಳು, ಸರಿಪಡಿಸಿದಳು. ಇಂಥವಳನ್ನು ಕಳಿಸಿಕೊಡಲು ನನಗೆ ಮನಸ್ಸಿಲ್ಲ; ಆದರೂ ಶಿಫಾರಸು ಮಾಡುತ್ತೇನೆ.”

ಪತ್ರ ಸೇರಿತೆಂಬ ಸಂದೇಶ ಅವಳ ಫೋನಿಗೆ ಬಂತು.

“ನಾನೂ ಇದೀನಾ ಅದ್ರಲ್ಲಿ?” ಫಿಟರ್ ಮೆಲ್ಲಗೆ ಕೇಳಿದ.

“ನೀನಿಲ್ದೆ ಪಂಪೇ ಇಲ್ವಲ್ಲೋ,” ಎಂದರು ಮ್ಯಾನೇಜರ್.

ಅವಳು ಕುರ್ಚಿ ಎಳೆದು ಅವನ ಮುಂದಿಟ್ಟಳು. “ಕೂತ್ಕೋ ಅಣ್ಣ. ಸಾರ್, ಇನ್ನೊಂದ್ಸಲ ಓದಿ.”