ಹದಿನಾಲ್ಕು ಮೀಟರ್ ಹೆಚ್ಚು ಬಂದ ಬಟ್ಟೆ

ಪುಂಜಾಲಕಟ್ಟೆ ಪೇಟೆಯಲ್ಲಿ ಮೆಡಿಕಲ್ ಅಂಗಡಿಯ ಮೇಲಿನ ಕೋಣೆಯಲ್ಲಿ ದೀಕ್ಷಿತಾ ಹೊಲಿಗೆ ಅಂಗಡಿ ತೆರೆದು ಎರಡು ವರ್ಷವಾಗಿತ್ತು. ಅಷ್ಟರಲ್ಲಿ ಅವಳು ಹೊಲಿದದ್ದು ರವಿಕೆ, ಚೂಡಿದಾರ, ಶಾಲೆಯ ಮಕ್ಕಳ ಅಂಗಿ. ಬಾಗಿಲು ಹಾಕಿ ಮೆಟ್ಟಿಲಿಳಿದ ಮೇಲೆ ಬೀಗ ಬಿದ್ದಿದೆಯೇ ಎಂದು ಮತ್ತೊಮ್ಮೆ ಹತ್ತಿ ನೋಡುವ ಜಾತಿಯವಳು ಅವಳು. ಅಂಥವಳಿಗೆ ಮಹಿಳಾ ಸಂಘದ ಜಲಜಾಕ್ಷಿ ಬಂದು, ಇಪ್ಪತ್ತೆಂಟು ಹೆಂಗಸರಿಗೆ ಒಂದೇ ಬಣ್ಣದ ಸೀರೆ ಆಗಬೇಕು, ಬಟ್ಟೆ ನೀನೇ ತರಿಸಿ ಕತ್ತರಿಸಿ ಫಾಲ್ ಹಚ್ಚಿ ಕೊಡು ಎಂದಾಗ ಆ ರಾತ್ರಿ ನಿದ್ದೆ ಹತ್ತಲಿಲ್ಲ.

ಸಂಘಕ್ಕೆ ಸ್ವಂತ ಕಟ್ಟಡವಾಗಿತ್ತು. ಭಾನುವಾರ ಉದ್ಘಾಟನೆ. ಜಲಜಾಕ್ಷಿ ಹನ್ನೊಂದು ವರ್ಷ ಅಧ್ಯಕ್ಷೆಯಾಗಿ, ಪಂಚಾಯತಿಗೂ ಬ್ಯಾಂಕಿಗೂ ಚಪ್ಪಲಿ ಸವೆಸಿ ಕಟ್ಟಿಸಿದ್ದು. ವೇದಿಕೆಯಲ್ಲಿ ವರದಿ ಓದುವವಳೂ ಅವಳೇ.

"ಆರು ಗಜದ ಸೀರೆ, ಗೊತ್ತುಂಟಲ್ಲ? ರವಿಕೆಯ ತುಂಡು ಬೇಡ, ಅದು ಬೇರೆ ತೆಗೊಳ್ತೇವೆ," ಎಂದಿದ್ದಳು.

ಗಜದ ಲೆಕ್ಕ ಹೆಂಗಸರ ಬಾಯಲ್ಲಿ. ಹೋಲ್‌ಸೇಲ್ ಅಂಗಡಿಯವರ ಲೆಕ್ಕ ಮೀಟರಿನಲ್ಲಿ. ದೀಕ್ಷಿತಾ ಮೊಬೈಲಿನಲ್ಲಿ ನೋಡಿ ಬರೆದುಕೊಂಡಳು: ಒಂದು ಗಜವೆಂದರೆ 0.9144 ಮೀಟರ್. ಆರು ಗಜಕ್ಕೆ 5.4864. ಅಂದರೆ ಐದೂವರೆ ಮೀಟರ್. ಇಪ್ಪತ್ತೆಂಟು ಸೀರೆಗೆ 154. ಗುಣಿಸುವಲ್ಲಿ ಭಾಗಿಸಿದೆನೋ ಎಂಬ ಸಂಶಯಕ್ಕೆ ಮೂರು ಸಲ ಲೆಕ್ಕ ಮಾಡಿದಳು. ಗಜ ಮೀಟರಿಗಿಂತ ಚಿಕ್ಕದು, ಆದ್ದರಿಂದ ಮೀಟರಿನ ಸಂಖ್ಯೆ ಆರಕ್ಕಿಂತ ಕಡಿಮೆಯೇ ಬರಬೇಕು, ಬಂದಿದೆ ಎಂದು ಬೆರಳು ಮಡಚಿ ತನಗೆ ತಾನೇ ಪಾಠ ಹೇಳಿಕೊಂಡಳು. ಆಮೇಲೆ ಮಂಗಳೂರಿಗೆ ಫೋನ್ ಮಾಡಿ, ನೇರಳೆ ಬಣ್ಣದ, ಎರಡೂ ಬದಿಗೆ ಸಣ್ಣ ಅಂಚಿರುವ ಕ್ರೇಪ್ ಬಟ್ಟೆ ನೂರ ಐವತ್ತನಾಲ್ಕು ಮೀಟರ್ ಕಳಿಸಿ ಎಂದಳು.

ಬಸ್ಸಿನಲ್ಲಿ ಎರಡು ಥಾನು, ಬಟ್ಟೆಯ ಎರಡು ದೊಡ್ಡ ಸುರುಳಿ, ಬಂತು. ಒಂದೊಂದರಲ್ಲಿ ಎಪ್ಪತ್ತೇಳು ಮೀಟರ್, ಹದಿನಾಲ್ಕು ಸೀರೆಗೆ ಸರಿಯಾಗಿ.

ಅಳೆಯುವುದು ಹೇಗೆ ಎಂಬುದೇ ಅವಳಿಗೆ ಚಿಂತೆ. ಹೊಲಿಗೆಯ ಟೇಪು ಎಳೆದೆಳೆದು ಉದ್ದವಾಗುತ್ತದೆ ಎಂದು ಕೇಳಿದ್ದಳು. ಅವಳದು ಎರಡು ವರ್ಷದ ಟೇಪು. ಒಂದು ಸೀರೆಯಲ್ಲಿ ಬೆರಳಗಲ ತಪ್ಪಿದರೆ ಇಪ್ಪತ್ತೆಂಟರಲ್ಲಿ ಎಷ್ಟಾದೀತು? ಆಗ ಕಣ್ಣಿಗೆ ಬಿದ್ದದ್ದು ಕತ್ತರಿಸುವ ಮೇಜು. ಮಹಮ್ಮದ್ ಕುಂಞಿ ಎಂಬ ಹಳೆಯ ಟೈಲರು ಕಣ್ಣು ಮಂದವಾಗಿ ಅಂಗಡಿ ಮುಚ್ಚಿದಾಗ ಅವಳು ಕೊಂಡ ಮೇಜು ಅದು. ಅಂಚಿನಲ್ಲಿ ಮೂರು ಹಿತ್ತಾಳೆ ಮೊಳೆ: ಶುರುವಿಗೊಂದು, ಅರ್ಧಕ್ಕೊಂದು, ಪೂರ್ತಿಗೊಂದು. "ಇದು ಸರಿಯಾಗಿ ಅಳೆದು ಹೊಡೆದ ಮೊಳೆ, ಟೇಪು ಬೇಡ," ಎಂದು ಕೊಡುವಾಗಲೇ ಹೇಳಿದ್ದರು. ರವಿಕೆ ಹೊಲಿಯುವವಳಿಗೆ ಈವರೆಗೆ ಆ ಮೊಳೆಗಳ ಅಗತ್ಯ ಬಿದ್ದಿರಲಿಲ್ಲ. ಮರಕ್ಕೆ ಹೊಡೆದ ಮೊಳೆ ಹಿಗ್ಗುವುದಿಲ್ಲವಲ್ಲ ಎಂದು ಅವಳಿಗೆ ಧೈರ್ಯ ಬಂತು. ಐದು ಸಲ ಪೂರ್ತಿ, ಒಂದು ಸಲ ಅರ್ಧ. ಗುರುತು ಹಾಕು, ಕತ್ತರಿಸು.

ಹದಿನಾಲ್ಕು ಸೀರೆ ಕತ್ತರಿಸಿ ನೋಡಿದರೆ ಥಾನಿನಲ್ಲಿ ಇನ್ನೂ ಬಟ್ಟೆ! ಅಳೆದಳು. ಅದೇ ಮೊಳೆಗಳ ಲೆಕ್ಕದಲ್ಲಿ ಏಳು ಮೀಟರ್ ಇಪ್ಪತ್ತು. ಎರಡನೆಯ ಥಾನಿನಲ್ಲೂ ಅಷ್ಟೇ. ಒಟ್ಟು ಹದಿನಾಲ್ಕು ಮೀಟರ್ ನಲವತ್ತು ಹೆಚ್ಚು ಬಂದಿತ್ತು.

ಬೇರೆಯವರಾದರೆ ಬಾಯಿ ಮುಚ್ಚಿ ನಾಲ್ಕು ಚೂಡಿದಾರ ಹೊಲಿಯುತ್ತಿದ್ದರು. ದೀಕ್ಷಿತಾಳಿಗೆ ಆಗಲಿಲ್ಲ. ಕೂಡಲೇ ಮಂಗಳೂರಿಗೆ ಫೋನ್ ಮಾಡಿದಳು.

"ನಮ್ಮ ಅಳೆಯುವ ಮಿಷನ್ ಅಷ್ಟೆಲ್ಲ ಜಾಸ್ತಿ ಕೊಡುದಿಲ್ಲ ಮಾರಾಯ್ತಿ," ಅಂಗಡಿಯವನು ನಕ್ಕ. "ಆಯ್ತು, ಕಳ್ಸಿ. ಹುಡುಗರು ಅಳೆದು ನೋಡ್ತಾರೆ. ಹೀಗೆ ಹಿಂದೆ ಕಳಿಸುವ ಗಿರಾಕಿ ನೀವೊಬ್ಬರೇ."

ಆ ಮಾತಿಗೆ ಅವಳಿಗೆ ಒಳಗೊಳಗೇ ಸಂತೋಷವಾಯಿತು. ಎರಡು ತುಂಡನ್ನೂ ಮಡಚಿ, 14.40 ಎಂದು ಚೀಟಿ ಬರೆದಿಟ್ಟು ಬಸ್ಸಿಗೆ ಹಾಕಿದಳು. ಒಂದು ಸೀರೆಯನ್ನು ತಾನೇ ಉಟ್ಟು ನೋಡಿದಳು. ಕಡ್ಡಿಯಂತಹ ಮೈ ಅವಳದು. ನೆರಿಗೆ ಒಂದೆರಡು ಕಡಿಮೆ ಅನಿಸಿತು, ಆದರೆ ಸರಿಯಾಗಿಯೇ ಕೂತಿತು. ಬುಧವಾರ ಇಪ್ಪತ್ತೆಂಟು ಸೀರೆಯನ್ನೂ ಮನೆಮನೆಗೆ ಕೊಟ್ಟು ಬಂದಳು.

ಶುಕ್ರವಾರ ಮಧ್ಯಾಹ್ನ ಜಲಜಾಕ್ಷಿ ಮೆಟ್ಟಿಲು ಹತ್ತಿ ಬಂದು, ಕೂರದೆ, ಸೀರೆಯ ಕವರನ್ನು ಮೇಜಿನ ಮೇಲಿಟ್ಟಳು.

"ಇದು ನಿನ್ನ ಹತ್ರ ಇರ್ಲಿ ದೀಕ್ಷಿ. ಸಪೂರ ಇದ್ದವರಿಗೆ ಯಾರಿಗಾದ್ರೂ ಕೊಡು."

"ಎಂತ ಆಯ್ತು ಜಲಜಕ್ಕ?"

"ಎಂತ ಆಗುದು. ಸೊಂಟಕ್ಕೆ ಸುತ್ತಿದ್ರೆ ನೆರಿಗೆಗೆ ಇಲ್ಲ, ನೆರಿಗೆ ಹಿಡಿದ್ರೆ ಸೆರಗು ಹೆಗಲಿಗೇ ಮುಗೀತದೆ. ಥೈರಾಯ್ಡ್ ಮಾತ್ರೆ ಶುರು ಮಾಡಿದ ಮೇಲೆ ಊದಿದ್ದು ಗೊತ್ತಿತ್ತು. ಇಷ್ಟು ಅಂತ ಗೊತ್ತಿರ್ಲಿಲ್ಲ." ಜಲಜಾಕ್ಷಿ ನಗಲು ನೋಡಿದಳು. "ನಮ್ಮ ಪ್ರಾಪ್ತಿ ಹೇಳ್ತಾಳೆ, ಅಮ್ಮಾ, ನಿಮಗೆ ಸೀರೆ ಅಲ್ಲ, ಶಾಮಿಯಾನ ಬೇಕು ಅಂತ. ಮಗಳು ತಮಾಷೆಗೆ ಹೇಳಿದ್ದು. ಆದ್ರೂ."

ತಾನೇ ಕಡಿಮೆ ಕತ್ತರಿಸಿದೆನೇ ಎಂದು ದೀಕ್ಷಿತಾ ಒಮ್ಮೆ ಯೋಚಿಸಿದಳು. ಆದರೆ ಮೂರು ಸಲ ಮಾಡಿದ ಲೆಕ್ಕ ನೆನಪಾಯಿತು. ಮೊಳೆ ನೆನಪಾಯಿತು. ಹೆಚ್ಚು ಬಂದ ಬಟ್ಟೆಯೂ ನೆನಪಾಯಿತು. ಕಡಿಮೆಯಾಗಲು ಸಾಧ್ಯವೇ ಇಲ್ಲ.

"ಅಳತೆ ಸರಿ ಉಂಟು ಅಕ್ಕ," ಎಂದಳು. "ಆರು ಗಜ. ಒಂದೊಂದನ್ನೂ ನಾನೇ ಅಳೆದದ್ದು."

ಜಲಜಾಕ್ಷಿಯ ಮುಖ ಬಾಡಿತು. "ನಿಂದು ತಪ್ಪು ಅಂತ ನಾನು ಹೇಳ್ಲಿಲ್ಲ ಮಗಾ. ನನ್ನ ಸೊಂಟದ್ದೇ ತಪ್ಪು. ಭಾನುವಾರ ನಾನು ಬರುದಿಲ್ಲ. ಎಲ್ಲರೂ ಒಂದೇ ಬಣ್ಣದಲ್ಲಿ ನಿಂತಿರುವಾಗ ನಾನೊಬ್ಬಳು ಬೇರೆ ಸೀರೆಯಲ್ಲಿ ವೇದಿಕೆ ಹತ್ತಿದ್ರೆ ಊರಿಗೇ ಗೊತ್ತಾಗ್ತದೆ ಯಾಕೆ ಅಂತ. ವರದಿ ನಮ್ಮ ಕಾರ್ಯದರ್ಶಿ ವಿಸ್ಮಿತಾ ಓದ್ಲಿ. ಕಾಗದ ಕೊಟ್ಟು ಬಂದೆ."

ಅವಳು ಮೆಟ್ಟಿಲಿಳಿದು ಹೋದಳು. ದೀಕ್ಷಿತಾ ಕವರನ್ನು ನೋಡುತ್ತ ಕೂತಿದ್ದಾಗ ಮಂಗಳೂರಿನ ಫೋನ್ ಬಂತು.

"ನೀವು ಚೀಟಿಯಲ್ಲಿ ಹದಿನಾಲ್ಕು ನಲವತ್ತು ಬರೆದಿದ್ದೀರಿ. ನಮ್ಮಲ್ಲಿ ಹದಿಮೂರು ಹದಿನೇಳು ಬರ್ತಾ ಉಂಟು. ಎರಡು ಸಲ ಅಳೆಸಿದೆ. ಮಧ್ಯದಲ್ಲಿ ಬಸ್ಸಿನವನು ಲಂಗೋಟಿ ಹೊಲಿಸಿಕೊಂಡನಾ ಅಂತ?"

ಅವಳಿಗೆ ನಗು ಬರಲಿಲ್ಲ. ಸುಳ್ಳು ಲೆಕ್ಕ ಕೊಟ್ಟವಳೆಂದು ತಿಳಿದಾರೆಂದು ನಾಚಿಕೆಯಾಗಿ, ಮತ್ತೆ ಮಾಡುತ್ತೇನೆಂದು ಫೋನ್ ಇಟ್ಟಳು. ಬಟ್ಟೆಯೇನು ದಾರಿಯಲ್ಲಿ ಆವಿಯಾಗುತ್ತದೆಯೇ? ಎಷ್ಟು ಪಾಲು ಕಡಿಮೆಯಾಯಿತು ನೋಡೋಣವೆಂದು 13.17ನ್ನು 14.40ರಿಂದ ಭಾಗಿಸಿದಳು.

0.9145.

ಮೊದಲು ಅವಳಿಗೆ ಅದು ಯಾವುದೋ ಪರಿಚಯದ ಮುಖದಂತೆ ಕಂಡಿತು. ಎಲ್ಲಿ ನೋಡಿದ್ದೆ? ಮರುಕ್ಷಣ ಸೀರೆಯ ಲೆಕ್ಕ ಬರೆದ ಕಾಗದ ತೆಗೆದಳು. ಕೂದಲೆಳೆಯ ವ್ಯತ್ಯಾಸ ಬಿಟ್ಟರೆ ಮೂರು ಸಲ ಗುಣಿಸಿದ 0.9144 ಅದು.

ಟೇಪನ್ನು ಮೊದಲ ಮೊಳೆಗೆ ಹಿಡಿದು ಕೊನೆಯ ಮೊಳೆಯವರೆಗೆ ಎಳೆದಳು. ಮೂವತ್ತಾರು ಇಂಚು. ಟೇಪು ಮಗುಚಿದರೆ ತೊಂಬತ್ತೊಂದೂವರೆ ಸೆಂಟಿಮೀಟರ್. ಮೊಳೆಯದು ಮೀಟರ್ ಅಲ್ಲ, ಗಜ.

ಮಹಮ್ಮದ್ ಕುಂಞಿಗೆ ಫೋನ್ ಮಾಡಿದಳು. "ಕುಂಞಿ ಕಾಕ, ಮೇಜಿನ ಮೊಳೆ ಮೀಟರಿಂದಲ್ವಾ?"

"ಮೀಟರಾ? ಯಾರು ಹೇಳಿದ್ದು ನಿನಗೆ? ಗಜ. ನನ್ನ ಉಸ್ತಾದರು ಹೊಡೆದದ್ದು ಅದು. ನಾನು ಸಾಯುವವರೆಗೆ ಗಜದಲ್ಲೇ. ಯಾಕೆ?"

ಅವಳು ಫೋನ್ ಇಟ್ಟು ಥಾನಿನ ಲೆಕ್ಕವನ್ನು ಮತ್ತೆ ಮಾಡಿದಳು. ಆರು ಗಜವನ್ನು ಐದೂವರೆ ಮೀಟರ್ ಮಾಡಿದ್ದೂ ಸರಿ, ಬಂದ ಬಟ್ಟೆಯೂ ಸರಿ. ಆಮೇಲೆ ಆ ಐದೂವರೆಯನ್ನು ಗಜದ ಮೊಳೆಯಲ್ಲಿ ಅಳೆದು, ಇಪ್ಪತ್ತೆಂಟು ಹೆಂಗಸರಿಗೆ ಐದೂವರೆ ಗಜದ ಸೀರೆ ಉಡಿಸಲು ಹೊರಟಿದ್ದಳು. ಒಂದೊಂದರಲ್ಲಿ ನಲವತ್ತೇಳು ಸೆಂಟಿಮೀಟರ್, ಅಂದರೆ ಒಂದೂವರೆ ಅಡಿ ಕಡಿಮೆ. ಆ ಒಂದೂವರೆ ಅಡಿಗಳನ್ನೆಲ್ಲ ಕೂಡಿಸಿ, ಪ್ರಾಮಾಣಿಕಳೆನಿಸಿಕೊಂಡು, ಮಂಗಳೂರಿಗೆ ಕಳಿಸಿದ್ದಳು.

ಅದಕ್ಕಿಂತ ಹೆಚ್ಚಾಗಿ ಚುಚ್ಚಿದ್ದು ತಾನಾಡಿದ ಮಾತು. ಅಳತೆ ಸರಿ ಉಂಟು ಅಕ್ಕ.

ತುಂಡುಗಳನ್ನು ಸಂಜೆಯ ಬಸ್ಸಿಗೇ ಹಿಂದೆ ಕಳಿಸಿ ಎಂದು ಅಂಗಡಿಯವನಿಗೆ ಅಂಗಲಾಚಿದಳು. ಸೊಂಟದಲ್ಲಿ ಸಿಕ್ಕಿಸಿಕೊಳ್ಳುವ ಒಳತುದಿಗೆ ಜೋಡಿಸಿ ಹೊಲಿದರೆ ಹೊರಗೆ ಕಾಣುವುದಿಲ್ಲ. ಎರಡು ತುಂಡಿನಲ್ಲಿ ಇಪ್ಪತ್ತೆಂಟು ಪಟ್ಟಿ ಸರಿಯಾಗಿ ಆಗುತ್ತದೆ. ಶನಿವಾರವೊಂದು ದಿನವಿದೆ. ಜಲಜಕ್ಕನದೊಂದನ್ನು ಮಾತ್ರ ಸುಮ್ಮನೆ ಜೋಡಿಸಿ, ನಿಮ್ಮದರಲ್ಲಿ ಮಾತ್ರ ಸಣ್ಣ ತಪ್ಪಾಗಿತ್ತು ಅಂದರೆ? ಯಾರಿಗೂ ಗೊತ್ತಾಗದು, ಮುಂದೆ ಕೆಲಸವೂ ಬಂದೀತು. ಆ ಯೋಚನೆ ಬಂದದ್ದಕ್ಕೇ ಅವಳಿಗೆ ಹೆದರಿಕೆಯಾಯಿತು. ಟೇಪನ್ನೂ ಸೀರೆಯನ್ನೂ ಹಿಡಿದು ರಿಕ್ಷಾ ಹತ್ತಿದಳು.

ಜಲಜಾಕ್ಷಿ ಜಗಲಿಯಲ್ಲಿ ಬೀಡಿ ಎಲೆ ಕತ್ತರಿಸುತ್ತ ಕೂತಿದ್ದಳು. ದೀಕ್ಷಿತಾ ಚಪ್ಪಲಿಯನ್ನೂ ಬಿಡದೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ, ಸೀರೆಯನ್ನು ನೆಲದಲ್ಲಿ ಹಾಸಿ ಅಳೆದು ತೋರಿಸಿದಳು. ಐದು ಮೀಟರ್ ಮೂರು ಸೆಂಟಿಮೀಟರ್.

ಜಲಜಾಕ್ಷಿ ಕತ್ತರಿ ಕೆಳಗಿಟ್ಟು, ಬಗ್ಗಿ, ಟೇಪಿನ ಅಂಕೆಯನ್ನು ತಾನೇ ಓದಿ ನೋಡಿದಳು. ಬೈಯುತ್ತಾಳೆಂದು ದೀಕ್ಷಿತಾ ಕಾದಳು.

"ಬುಧವಾರದಿಂದ ನಾನು ಅನ್ನ ಮುಟ್ಟಲಿಲ್ಲ, ಗೊತ್ತುಂಟಾ ನಿನಗೆ?" ಎಂದಳು ಮೆಲ್ಲಗೆ. "ಬಾಗಿಲು ಹಾಕಿಕೊಂಡು ನಾಲ್ಕು ಸಲ ಉಟ್ಟೆ. ಉಸಿರು ಒಳಗೆ ಎಳೆದು ಉಟ್ಟೆ. ನಿನ್ನ ಹತ್ರ ಬಂದದ್ದು ಯಾಕೆ? ಅಕ್ಕಾ, ಸ್ವಲ್ಪ ಕಡಿಮೆ ಆಗಿರ್ಬಹುದು ಅಂತ ನೀನು ಹೇಳ್ತೀಯಾ ಅಂತ. ನೀನು ಸರಿ ಉಂಟು ಅಂದಿ."

"ತಪ್ಪಾಯ್ತು ಅಕ್ಕ."

"ನನಗೊಬ್ಬಳಿಗೆ ಹೇಳಿದ್ರೆ ಸಾಕಾ? ನಾನು ಬರುದಿಲ್ಲ ಅಂತ ಗ್ರೂಪಿನಲ್ಲಿ ಹಾಕಿ ಆಗಿದೆ." ತನ್ನ ಫೋನಿನಲ್ಲಿ ಸಂಘದ ವಾಟ್ಸಾಪ್ ಗ್ರೂಪ್ ತೆರೆದು ಅವಳ ಮುಂದೆ ಹಿಡಿದಳು. "ಇಲ್ಲಿ ಹೇಳು. ಪೂರ್ತಿ ಹೇಳು."

ದೀಕ್ಷಿತಾ ಮೈಕಿನ ಗುರುತು ಒತ್ತಿ ಹಿಡಿದು ಹೇಳಿದಳು. ಸೀರೆ ಎಲ್ಲರದ್ದೂ ಒಂದೂವರೆ ಅಡಿ ಗಿಡ್ಡ, ತಪ್ಪು ತನ್ನದು, ನಾಳೆ ಬೆಳಗ್ಗೆ ಆರು ಗಂಟೆಗೆ ಅಂಗಡಿ ತೆರೆಯುತ್ತೇನೆ, ತಂದುಕೊಡಿ.

ಮೊದಲು ಬಂದದ್ದು ಪೂವಮ್ಮನ ಸ್ವರ. "ಅಯ್ಯೋ ದೇವರೇ, ಹೌದಾ? ನಾನು ಭಾನುವಾರ ಜ್ವರ ಅಂತ ಹೇಳುವ ಅಂತ ಇದ್ದೆ." ಅದರ ಬೆನ್ನಿಗೆ ಇನ್ನೊಬ್ಬಳು: "ಬಾಣಂತನದ ಹೊಟ್ಟೆ ಇಳೀಲಿಲ್ಲ ಅಂತ ಅತ್ತೆ ಹೇಳಿದ್ರು. ನಾನೂ ಹಾಗೇ ತಿಳಿದದ್ದು." ಮತ್ತೊಬ್ಬಳು ಸ್ವರ ಕಳಿಸದೆ ಬರೆದಿದ್ದಳು: ನಾನು ಯಾರಿಗೂ ಹೇಳಿರಲಿಲ್ಲ. ಫೋನ್ ನಿಲ್ಲದೆ ಗುಂಯ್‌ಗುಡುತ್ತಲೇ ಇತ್ತು. ಹನ್ನೊಂದು ಜನರಾದ ಮೇಲೆ ದೀಕ್ಷಿತಾ ಎಣಿಸುವುದನ್ನು ಬಿಟ್ಟಳು. ಮೂರು ದಿನ ಇಷ್ಟು ಮನೆಗಳಲ್ಲಿ ಇಷ್ಟು ಹೆಂಗಸರು ಬಾಗಿಲು ಹಾಕಿಕೊಂಡು ತಮ್ಮ ಮೈಯನ್ನೇ ಬೈದುಕೊಂಡಿದ್ದರು. ಒಬ್ಬಳಿಗೂ ಟೇಪು ಹಿಡಿಯಬೇಕೆಂದು ತೋಚಿರಲಿಲ್ಲ.

ಜಲಜಾಕ್ಷಿ ಒಂದೊಂದನ್ನೂ ಪೂರ್ತಿ ಕೇಳಿದಳು. ಆಮೇಲೆ ವಿಸ್ಮಿತಾಳಿಗೆ ಫೋನ್ ಹಚ್ಚಿ, "ಆ ವರದಿಯ ಕಾಗದ ವಾಪಸ್ ತಾ. ನಾನೇ ಓದ್ತೇನೆ," ಎಂದಳು. ಆಚೆಯಿಂದ ಏನು ಕೇಳಿಸಿತೋ, "ಅದೆಲ್ಲ ನಾಳೆ ಹೇಳ್ತೇನೆ," ಎಂದು ಇಟ್ಟಳು.

ದೀಕ್ಷಿತಾಳ ಕಡೆ ಅವಳು ಇನ್ನೂ ನೋಡಿರಲಿಲ್ಲ. ನೆಲದ ಮೇಲಿನ ಸೀರೆಯನ್ನು ಮಡಚಿ ಅವಳ ಕೈಗಿತ್ತಳು.

"ಇನ್ನು ಇಲ್ಲಿ ನಿಲ್ಬೇಡ. ಹೋಗು," ಎಂದಳು. "ಇಪ್ಪತ್ತೆಂಟು ಉಂಟು."